ಚಲಿಸುವ ರೈಲಿನಲ್ಲಿ ಮೊಬೈಲ್ ಕರೆಯ ಹಸ್ತಾಂತರ

ಕರೆ ಹಸ್ತಾಂತರ ಅಥವಾ ಹ್ಯಾಂಡೋವರ್ ಎಂದರೆ, ಮಾತು ನಡೆಯುತ್ತಿರುವಾಗಲೇ ಮೊಬೈಲ್ ಫೋನಿನ ಸಂಪರ್ಕವನ್ನು ಒಂದು ಟವರ್‌ನಿಂದ ಮುಂದಿನ ಟವರ್‌ಗೆ ವರ್ಗಾಯಿಸುವ ಕ್ರಿಯೆ. ರೈಲಿನಲ್ಲಿ ಕುಳಿತು ಮಾತನಾಡುವ ಪ್ರಯಾಣಿಕನ ಫೋನು ಕೆಲವೇ ನಿಮಿಷಗಳಿಗೊಮ್ಮೆ ಈ ವರ್ಗಾವಣೆಗೆ ಒಳಗಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಮಾತನಾಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ತಪ್ಪಿದರೆ ಮಾತು ತುಂಡಾಗುತ್ತದೆ ಅಥವಾ ಕರೆ ಕಡಿದುಹೋಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ರೈಲು ಮಾರ್ಗಗಳು ಹಾದುಹೋಗುತ್ತವೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆಯುವ ಇನ್ನೊಂದು ಮಾರ್ಗವು ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗ ತಲಪುತ್ತದೆ. ಭದ್ರಾ ಅಣೆಕಟ್ಟೆ ಇರುವ ಲಕ್ಕವಳ್ಳಿಗೆ ರೈಲು ನಿಲ್ದಾಣವಿಲ್ಲ. ಅಲ್ಲಿಗೆ ಹೋಗುವವರು ತರೀಕೆರೆಯಲ್ಲಿ ಇಳಿಯುತ್ತಾರೆ. ಈ ಲೇಖನದಲ್ಲಿ ಬೀರೂರು–ತರೀಕೆರೆ ನಡುವಿನ ಪ್ರಯಾಣವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂದು ಹೆಚ್ಚಿನ ಕರೆಗಳು ನಡೆಯುವ 4ಜಿ ಜಾಲದಲ್ಲಿ ಹಸ್ತಾಂತರ ಹೇಗೆ ಆಗುತ್ತದೆ ಮತ್ತು ಎಲ್ಲಿ ವಿಫಲವಾಗುತ್ತದೆ ಎಂಬುದನ್ನು ವಿವರಿಸಲಾಗಿದೆ.

## ಹಿನ್ನೆಲೆ

ಮೊಬೈಲ್ ಜಾಲದಲ್ಲಿ ಒಂದು ಪ್ರದೇಶವನ್ನು ಅನೇಕ ಸಣ್ಣ ಭಾಗಗಳಾಗಿ ವಿಂಗಡಿಸಲಾಗುತ್ತದೆ. ಇಂಥ ಒಂದೊಂದು ಭಾಗಕ್ಕೂ ಸೆಲ್ ಅಥವಾ ಕೋಶ ಎಂದು ಹೆಸರು. ಸಾಮಾನ್ಯವಾಗಿ ಒಂದು ಟವರ್‌ನ ಮೇಲೆ ಮೂರು ದಿಕ್ಕಿಗೆ ಮುಖಮಾಡಿದ ಆಂಟೆನಾಗಳಿದ್ದು, ಒಂದೊಂದು ದಿಕ್ಕಿನದು ಒಂದೊಂದು ಸೆಲ್ ಆಗಿರುತ್ತದೆ. ಆದ್ದರಿಂದ ಹಸ್ತಾಂತರವು ಎರಡು ಟವರ್‌ಗಳ ನಡುವೆ ಮಾತ್ರವಲ್ಲದೆ ಒಂದೇ ಟವರ್‌ನ ಎರಡು ಸೆಲ್‌ಗಳ ನಡುವೆಯೂ ಆಗಬಹುದು.

ಸೆಲ್‌ಗಳನ್ನು ಚಿಕ್ಕದಾಗಿ ಇಡುವುದರಿಂದ ಅದೇ ತರಂಗಾಂತರವನ್ನು ಸ್ವಲ್ಪ ದೂರದಲ್ಲಿ ಮತ್ತೆ ಬಳಸಬಹುದು, ಹೆಚ್ಚು ಜನರಿಗೆ ಸಂಪರ್ಕ ಕೊಡಬಹುದು. ಆದರೆ ಸೆಲ್ ಚಿಕ್ಕದಾದಂತೆ ಚಲಿಸುವ ವ್ಯಕ್ತಿ ಅದರ ಗಡಿಯನ್ನು ಬೇಗ ಬೇಗ ದಾಟುತ್ತಾನೆ. ಹೀಗಾಗಿ ಕರೆಯನ್ನು ಗಡಿ ದಾಟಿಸುವ ವ್ಯವಸ್ಥೆ ಮೊಬೈಲ್ ಜಾಲಕ್ಕೆ ಆರಂಭದಿಂದಲೂ ಬೇಕಾಯಿತು. ಈ ವಿಧಾನದ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ರೈಲಿನಲ್ಲಿಯೇ. 1969ರಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಓಡುತ್ತಿದ್ದ ಮೆಟ್ರೋಲೈನರ್ ರೈಲಿನಲ್ಲಿ ಸಾರ್ವಜನಿಕ ದೂರವಾಣಿಗಳನ್ನು ಇಡಲಾಗಿತ್ತು. ಸುಮಾರು 360 ಕಿ.ಮೀ. ದಾರಿಯನ್ನು ಒಂಬತ್ತು ವಲಯಗಳಾಗಿ ವಿಂಗಡಿಸಿ, ಆರು ವಾಹಿನಿಗಳನ್ನೇ ಅವುಗಳಲ್ಲಿ ಮರಳಿ ಮರಳಿ ಬಳಸಲಾಗುತ್ತಿತ್ತು. ರೈಲು ವಲಯದಿಂದ ವಲಯಕ್ಕೆ ಸಾಗಿದಾಗ ಕರೆಯನ್ನು ತಾನಾಗಿಯೇ ಮುಂದಿನ ವಲಯಕ್ಕೆ ವರ್ಗಾಯಿಸಲಾಗುತ್ತಿತ್ತು.

## ಹಸ್ತಾಂತರದ ಹಂತಗಳು

4ಜಿ ಜಾಲದಲ್ಲಿ ಯಾವ ಟವರ್‌ಗೆ ಹೋಗಬೇಕೆಂದು ಅಳೆಯುವುದು ಫೋನಿನ ಕೆಲಸ. ಹೋಗೆಂದು ನಿರ್ಧರಿಸಿ ಆದೇಶ ಕೊಡುವುದು ಟವರ್‌ನ ಕೆಲಸ. ಈ ಎರಡು ಕೆಲಸಗಳ ವಿಂಗಡಣೆಯನ್ನು ಗಮನಿಸಿದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ. ರೈಲು ಈಗಿನ ಟವರ್ ‘ಅ’ದಿಂದ ದೂರವಾಗಿ ಮುಂದಿನ ಟವರ್ ‘ಆ’ದ ಕಡೆಗೆ ಸಾಗುತ್ತಿದೆ ಎಂದುಕೊಂಡರೆ ಹಂತಗಳು ಹೀಗಿರುತ್ತವೆ:

1. ಅಳತೆ: ಕರೆ ಆರಂಭವಾದಾಗಲೇ, ಏನನ್ನು ಅಳೆಯಬೇಕು, ಯಾವಾಗ ವರದಿ ಕಳುಹಿಸಬೇಕು ಎಂಬ ಸೂಚನೆಯನ್ನು ‘ಅ’ ಟವರ್ ಫೋನಿಗೆ ನೀಡಿರುತ್ತದೆ. ಪ್ರತಿಯೊಂದು ಸೆಲ್ ಸದಾ ಪ್ರಸಾರ ಮಾಡುವ ಗುರುತಿನ ಸಂಕೇತದ ಬಲವನ್ನು ಫೋನು ಅಳೆಯುತ್ತಿರುತ್ತದೆ.
2. ವರದಿ: ‘ಆ’ದ ಸಂಕೇತವು ‘ಅ’ದ ಸಂಕೇತಕ್ಕಿಂತ ನಿಗದಿತ ಪ್ರಮಾಣದಷ್ಟು ಹೆಚ್ಚಾಗಿ, ನಿಗದಿತ ಅವಧಿಯವರೆಗೆ ಹಾಗೆಯೇ ಉಳಿದರೆ ಫೋನು ‘ಅ’ಕ್ಕೆ ವರದಿ ಕಳುಹಿಸುತ್ತದೆ.
3. ಸಿದ್ಧತೆ: ‘ಅ’ ಟವರ್ ‘ಆ’ ಟವರ್‌ಗೆ ಕೋರಿಕೆ ಕಳುಹಿಸುತ್ತದೆ. ಈ ಸಂಭಾಷಣೆ ಗಾಳಿಯಲ್ಲಿ ಫೋನಿನ ಮೂಲಕ ನಡೆಯದೆ, ಟವರ್‌ಗಳನ್ನು ಜೋಡಿಸುವ ಜಾಲದ ಮೂಲಕ ನಡೆಯುತ್ತದೆ. ತನ್ನಲ್ಲಿ ಸ್ಥಳವಿದ್ದರೆ ‘ಆ’ ಒಪ್ಪಿಕೊಂಡು, ಫೋನಿಗೆ ಒಂದು ಹೊಸ ತಾತ್ಕಾಲಿಕ ಗುರುತು ಸಂಖ್ಯೆಯನ್ನೂ ಒಳಬರಲು ಒಂದು ವಿಶೇಷ ಸಂಕೇತವನ್ನೂ ಮೀಸಲಿಡುತ್ತದೆ.
4. ಆದೇಶ: ‘ಆ’ ಕೊಟ್ಟ ವಿವರಗಳನ್ನು ‘ಅ’ ಟವರ್ ಫೋನಿಗೆ ತಲಪಿಸಿ ಹೊರಡಲು ಆದೇಶಿಸುತ್ತದೆ.
5. ಜಿಗಿತ: ಫೋನು ‘ಅ’ದ ಸಂಪರ್ಕವನ್ನು ಬಿಟ್ಟು ‘ಆ’ದ ತರಂಗಕ್ಕೆ ಹೊಂದಿಕೊಂಡು, ತನಗೆ ಮೀಸಲಾದ ಸಂಕೇತವನ್ನು ಕಳುಹಿಸುತ್ತದೆ. ಅದು ಬಂದು ಸೇರಿದ ಸಮಯವನ್ನು ನೋಡಿ, ಫೋನು ಎಷ್ಟು ಮುಂಚಿತವಾಗಿ ಪ್ರಸಾರ ಮಾಡಬೇಕೆಂದು ‘ಆ’ ತಿಳಿಸುತ್ತದೆ. ಎರಡು ಕಿ.ಮೀ. ದೂರವನ್ನು ದಾಟಲು ರೇಡಿಯೊ ತರಂಗಕ್ಕೆ ಸುಮಾರು 6.7 ಮೈಕ್ರೊಸೆಕೆಂಡ್ ಬೇಕಾಗುವುದರಿಂದ ಈ ಹೊಂದಾಣಿಕೆ ಅಗತ್ಯ.
6. ದಾರಿ ಬದಲಾವಣೆ: ಈ ನಡುವೆ ‘ಅ’ಕ್ಕೆ ಬಂದು ಬಿದ್ದ ಮಾತಿನ ತುಣುಕುಗಳನ್ನು ಅದು ‘ಆ’ಕ್ಕೆ ರವಾನಿಸುತ್ತಿರುತ್ತದೆ. ಫೋನು ಬಂದು ಸೇರಿದ್ದನ್ನು ‘ಆ’ ಟವರ್ ಜಾಲದ ಕೇಂದ್ರಕ್ಕೆ ತಿಳಿಸಿದ ಮೇಲೆ ಮಾತು ನೇರವಾಗಿ ಹೊಸ ದಾರಿಯಲ್ಲಿ ಹರಿಯುತ್ತದೆ. ‘ಅ’ ಟವರ್ ತನ್ನಲ್ಲಿದ್ದ ಹಳೆಯ ದಾಖಲೆಯನ್ನು ಅಳಿಸಿಹಾಕುತ್ತದೆ.

ಐದನೆಯ ಹಂತದಲ್ಲಿ ಫೋನು ಯಾವ ಟವರ್‌ಗೂ ಸೇರಿರದ ಒಂದು ಕ್ಷಣ ಇರುತ್ತದೆ. ಇದು ಸಾಮಾನ್ಯವಾಗಿ 30ರಿಂದ 50 ಮಿಲಿಸೆಕೆಂಡ್‌ಗಳಷ್ಟು. 4ಜಿ ಕರೆಯಲ್ಲಿ ಮಾತನ್ನು 20 ಮಿಲಿಸೆಕೆಂಡ್‌ನ ತುಣುಕುಗಳಾಗಿ ಕಳುಹಿಸುವುದರಿಂದ, ಈ ಅವಧಿಯಲ್ಲಿ ತಡವಾಗುವುದು ಎರಡು ಮೂರು ತುಣುಕುಗಳು ಮಾತ್ರ. ಕೇಳುವವರ ಫೋನು ತುಣುಕುಗಳನ್ನು ಸ್ವಲ್ಪ ಹೊತ್ತು ಸಂಗ್ರಹಿಸಿಟ್ಟುಕೊಂಡೇ ನುಡಿಸುತ್ತದೆ. ಒಂದೆರಡು ಕಳೆದುಹೋದರೂ ಹಿಂದಿನ ಧ್ವನಿಯಿಂದ ಊಹಿಸಿ ತುಂಬುತ್ತದೆ. ಆದ್ದರಿಂದ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

3ಜಿ ಜಾಲದಲ್ಲಿ ಫೋನು ಗಡಿಯಲ್ಲಿ ಎರಡು ಮೂರು ಸೆಲ್‌ಗಳೊಡನೆ ಏಕಕಾಲಕ್ಕೆ ಸಂಪರ್ಕದಲ್ಲಿರಬಹುದಿತ್ತು. 2ಜಿ ಮತ್ತು 4ಜಿಗಳಲ್ಲಿ ಹಾಗಿಲ್ಲ; ಹಳೆಯದನ್ನು ಬಿಟ್ಟ ಮೇಲೆಯೇ ಹೊಸದನ್ನು ಹಿಡಿಯಬೇಕು. ಹಾಗಾಗಿ ಬಿಡುವ ಹೊತ್ತನ್ನು ಸರಿಯಾಗಿ ಆರಿಸುವುದು ಈ ಜಾಲಗಳಲ್ಲಿ ಮುಖ್ಯವಾಗುತ್ತದೆ.

## ಅಂತರ ಮತ್ತು ಕಾಯುವ ಅವಧಿ

ಮುಂದಿನ ಟವರ್‌ನ ಸಂಕೇತ ಕೊಂಚ ಹೆಚ್ಚಾದ ಕೂಡಲೇ ಫೋನನ್ನು ವರ್ಗಾಯಿಸುವುದಿಲ್ಲ. ರೇಡಿಯೊ ಸಂಕೇತವು ಒಂದೇ ಸಮನಾಗಿ ಇರದೆ, ಮರ, ಕಟ್ಟಡ, ಬೋಗಿಯ ಗೋಡೆಗಳಿಗೆ ತಾಗಿ ಪ್ರತಿಫಲಿಸಿ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಹಾಗೆ ಏರಿದಾಗಲೆಲ್ಲ ವರ್ಗಾಯಿಸಿದರೆ ಕರೆಯು ಚೆಂಡಿನಂತೆ ಎರಡು ಟವರ್‌ಗಳ ನಡುವೆ ಓಡಾಡುತ್ತದೆ. ಇದನ್ನು ‘ಪಿಂಗ್‌ಪಾಂಗ್’ ಎಂದು ಕರೆಯುತ್ತಾರೆ. ತರೀಕೆರೆಯಂಥ ನಿಲ್ದಾಣವು ಎರಡು ಸೆಲ್‌ಗಳ ಗಡಿಯಲ್ಲಿದ್ದರೆ, ನಿಂತ ರೈಲಿನಲ್ಲಿಯೂ ಹೀಗಾಗಬಹುದು.

ಇದನ್ನು ತಡೆಯಲು ಎರಡು ಷರತ್ತುಗಳಿವೆ. ಮೊದಲನೆಯದು ಅಂತರ: ನೆರೆಯ ಸೆಲ್ ಇಂತಿಷ್ಟು ಡೆಸಿಬೆಲ್‌ನಷ್ಟು ಮೇಲಿರಬೇಕು. ಮೂರು ಡೆಸಿಬೆಲ್ ಅಂತರವೆಂದರೆ ಸರಿಸುಮಾರು ಎರಡು ಪಟ್ಟು ಶಕ್ತಿ. ಎರಡನೆಯದು ಕಾಯುವ ಅವಧಿ: ಆ ಅಂತರವು ಕೆಲವು ನೂರು ಮಿಲಿಸೆಕೆಂಡ್‌ಗಳ ಕಾಲ ಕಡಿಮೆಯಾಗದೆ ಉಳಿಯಬೇಕು. ಇವೆರಡರ ಬೆಲೆಗಳನ್ನೂ ದೂರವಾಣಿ ಕಂಪನಿಯ ಎಂಜಿನಿಯರುಗಳು ಸೆಲ್‌ಗಳಿಗೆ ತಕ್ಕಂತೆ ನಿಗದಿಪಡಿಸುತ್ತಾರೆ. ಅಂತರ ಕಡಿಮೆಯಾದರೆ ಪಿಂಗ್‌ಪಾಂಗ್ ಹೆಚ್ಚುತ್ತದೆ. ಅಂತರ ಹೆಚ್ಚಾದರೆ ಹಸ್ತಾಂತರ ತಡವಾಗುತ್ತದೆ.

## ಬಯಲಿನಲ್ಲಿ ಒಂದು ಲೆಕ್ಕ

ಬೀರೂರಿನಿಂದ ತರೀಕೆರೆಯ ಕಡೆಗೆ ರೈಲು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳೋಣ. ಇದು ಸೆಕೆಂಡಿಗೆ 25 ಮೀಟರ್. ಲೆಕ್ಕದ ಸಲುವಾಗಿ ಹಳಿಯ ಪಕ್ಕದಲ್ಲಿ 4 ಕಿ.ಮೀ. ಅಂತರದಲ್ಲಿ ‘ಅ’ ಮತ್ತು ‘ಆ’ ಎಂಬ ಒಂದೇ ಬಲದ ಎರಡು ಟವರ್‌ಗಳಿವೆ ಎಂದೂ ಭಾವಿಸೋಣ. ಇವು ಆ ದಾರಿಯ ನಿಜವಾದ ಟವರ್‌ಗಳ ಸ್ಥಾನಗಳಲ್ಲ.

ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. ಅದು ಋಣ ಸಂಖ್ಯೆಯಾದ್ದರಿಂದ −97ಕ್ಕಿಂತ −94 ಹೆಚ್ಚು ಬಲವುಳ್ಳದ್ದು. ಟವರ್‌ನಿಂದ 1 ಕಿ.ಮೀ. ದೂರದಲ್ಲಿ ಬಲವು −85 ಡಿಬಿಎಂ ಇದ್ದು, ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 10.5 ಡೆಸಿಬೆಲ್ ಕುಗ್ಗುತ್ತದೆ ಎಂದಿಟ್ಟುಕೊಂಡರೆ, ಎರಡು ಟವರ್‌ಗಳ ನಡುಬಿಂದುವಿನಲ್ಲಿ ಎರಡರ ಬಲವೂ −95.5 ಡಿಬಿಎಂ ಆಗಿರುತ್ತದೆ. ಅಲ್ಲಿ ಹಸ್ತಾಂತರ ನಡೆಯುವುದಿಲ್ಲ. ಅಂತರವನ್ನು 3 ಡೆಸಿಬೆಲ್ ಎಂದು ನಿಗದಿಪಡಿಸಿದ್ದರೆ, ರೈಲು ನಡುಬಿಂದುವನ್ನು ದಾಟಿ ಇನ್ನೂ ಸುಮಾರು 200 ಮೀಟರ್ ಹೋಗಬೇಕು. ಅಲ್ಲಿ ‘ಅ’ದ ಬಲ −97, ‘ಆ’ದ ಬಲ −94 ಆಗುತ್ತದೆ. ಈ 200 ಮೀಟರ್ ದಾಟಲು ರೈಲಿಗೆ 8 ಸೆಕೆಂಡ್ ಬೇಕು.

ಕಾಯುವ ಅವಧಿ 320 ಮಿಲಿಸೆಕೆಂಡ್ ಎಂದಾದರೆ ಅಷ್ಟರಲ್ಲಿ ರೈಲು 8 ಮೀಟರ್ ಮುಂದೆ ಹೋಗಿರುತ್ತದೆ. ವರದಿ, ಸಿದ್ಧತೆ, ಆದೇಶಗಳಿಗೆ 100 ಮಿಲಿಸೆಕೆಂಡ್ ಹಿಡಿದರೆ ಇನ್ನೂ ಎರಡೂವರೆ ಮೀಟರ್. ಜಿಗಿತದ 50 ಮಿಲಿಸೆಕೆಂಡ್‌ಗಳಲ್ಲಿ ಸುಮಾರು ಒಂದೂಕಾಲು ಮೀಟರ್. ಒಟ್ಟಿನಲ್ಲಿ ಅರ್ಧ ಬೋಗಿಯ ಉದ್ದದಷ್ಟು ದೂರದಲ್ಲಿ ಇಡೀ ಹಸ್ತಾಂತರ ಮುಗಿದುಹೋಗುತ್ತದೆ. ಮುಂದಿನ ಹಸ್ತಾಂತರಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಸಮಯವಿರುತ್ತದೆ. ಬಯಲಿನಲ್ಲಿ ಈ ವೇಗವು ಜಾಲಕ್ಕೆ ಹೊರೆಯೇನೂ ಅಲ್ಲ.

ಚಲನೆಯಿಂದ ತರಂಗದ ಆವರ್ತನ ಬದಲಾಗುವ ಡಾಪ್ಲರ್ ಪರಿಣಾಮವೂ ಈ ವೇಗದಲ್ಲಿ ಅಲ್ಪ. 1800 ಮೆಗಾಹರ್ಟ್ಸ್ ತರಂಗದಲ್ಲಿ ಅದು ಹೆಚ್ಚೆಂದರೆ 150 ಹರ್ಟ್ಸ್. ಹಿಂದೆ ಉಳಿಯುವ ಟವರ್‌ನಿಂದ ಎದುರಾಗುವ ಟವರ್‌ಗೆ ಬದಲಾದಾಗ ಇದು ಋಣದಿಂದ ಧನಕ್ಕೆ ತಿರುಗಿ ಒಟ್ಟು 300 ಹರ್ಟ್ಸ್ ವ್ಯತ್ಯಾಸವಾಗುತ್ತದೆ. 4ಜಿಯಲ್ಲಿ ಉಪವಾಹಿನಿಗಳು 15,000 ಹರ್ಟ್ಸ್ ಅಂತರದಲ್ಲಿರುವುದರಿಂದ ಫೋನು ಇದನ್ನು ಸುಲಭವಾಗಿ ಸರಿಪಡಿಸಿಕೊಳ್ಳುತ್ತದೆ.

## ಕರೆ ಕಡಿಯುವ ಬಗೆ

ಹಸ್ತಾಂತರದ ದೌರ್ಬಲ್ಯ ಇರುವುದು ನಾಲ್ಕನೆಯ ಹಂತದಲ್ಲಿ. ಹೊರಡಬೇಕೆಂಬ ಆದೇಶವನ್ನು ಕೊಡುವುದು ಹೊಸ ಟವರ್ ಅಲ್ಲ, ಹಳೆಯದು. ಅಂದರೆ ಯಾವ ಸಂಪರ್ಕವು ಕ್ಷೀಣಿಸುತ್ತಿದೆ ಎಂಬ ಕಾರಣಕ್ಕೆ ಫೋನು ಹೊರಡಬೇಕಾಗಿದೆಯೋ, ಅದೇ ಸಂಪರ್ಕದ ಮೂಲಕ ವರದಿ ಹೋಗಬೇಕು ಮತ್ತು ಆದೇಶ ಬರಬೇಕು. ಅಷ್ಟರೊಳಗೆ ಆ ಸಂಪರ್ಕವೇ ಬಿದ್ದುಹೋದರೆ, ಮುಂದಿನ ಟವರ್‌ನ ಸಂಕೇತ ಎಷ್ಟು ಚೆನ್ನಾಗಿದ್ದರೂ ಫೋನಿಗೆ ಹೋಗಲು ಅಪ್ಪಣೆ ಸಿಗುವುದಿಲ್ಲ. ಇದನ್ನು ‘ತಡವಾದ ಹಸ್ತಾಂತರ’ ಎನ್ನುತ್ತಾರೆ.

ಮೇಲಿನ ಲೆಕ್ಕವನ್ನೇ ಮುಂದುವರಿಸಿ ಇದನ್ನು ನೋಡಬಹುದು. ರೈಲು ‘ಅ’ ಟವರ್‌ನಿಂದ 2.05 ಕಿ.ಮೀ. ದೂರದಲ್ಲಿ, ದಿಣ್ಣೆಯನ್ನು ಅಗೆದು ಮಾಡಿದ ತಿರುವಿನ ಹಾದಿಯನ್ನು ಪ್ರವೇಶಿಸುತ್ತದೆ ಎಂದುಕೊಳ್ಳೋಣ. ದಿಣ್ಣೆಯ ಮಣ್ಣುಗೋಡೆ ‘ಅ’ವನ್ನು ಮರೆಮಾಡುತ್ತದೆ, ‘ಆ’ದ ಕಡೆ ತೆರೆದಿದೆ. 50 ಮೀಟರ್ ಹೋಗುವಷ್ಟರಲ್ಲಿ ‘ಅ’ದ ಸಂಕೇತ 20 ಡೆಸಿಬೆಲ್ ಕುಸಿಯುತ್ತದೆ. 90 ಕಿ.ಮೀ. ವೇಗದಲ್ಲಿ ಇದು ಎರಡು ಸೆಕೆಂಡಿನ ದಾರಿ, ಅಂದರೆ ಸೆಕೆಂಡಿಗೆ 10 ಡೆಸಿಬೆಲ್ ಕುಸಿತ.

ಇಲ್ಲಿ ಬೋಗಿಯ ಬಗೆಯೂ ಸೇರಿಕೊಳ್ಳುತ್ತದೆ. ಹವಾನಿಯಂತ್ರಿತ ಬೋಗಿಯ ಉಕ್ಕಿನ ಮೈ ಮತ್ತು ಮುಚ್ಚಿದ ಗಾಜು ಸಂಕೇತವನ್ನು 20 ಡೆಸಿಬೆಲ್‌ನಷ್ಟು ಕುಗ್ಗಿಸಬಲ್ಲವು. ಕಿಟಕಿ ತೆರೆದ ಸಾಮಾನ್ಯ ಬೋಗಿಯಲ್ಲಿ ಕಿಟಕಿಯ ಬಳಿ ಕುಳಿತವರಿಗೆ ನಷ್ಟ ಕಡಿಮೆ. ಅದನ್ನು 5 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಬೋಗಿಯು ಎರಡೂ ಟವರ್‌ಗಳ ಸಂಕೇತಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದರಿಂದ ಹಸ್ತಾಂತರ ನಡೆಯಬೇಕಾದ ಸ್ಥಳ ಬದಲಾಗುವುದಿಲ್ಲ. ಬದಲಾಗುವುದು ಕೈಯಲ್ಲಿ ಉಳಿದಿರುವ ಬಲ. ಬಲವು −120 ಡಿಬಿಎಂ ಆಸುಪಾಸಿಗೆ ಇಳಿದರೆ ಸಂಪರ್ಕ ನಿಲ್ಲುವುದು ಕಷ್ಟ.

ಹವಾನಿಯಂತ್ರಿತ ಬೋಗಿಯೊಳಗೆ, ದಿಣ್ಣೆಯ ಬಾಯಿಯಲ್ಲಿ ‘ಅ’ದ ಬಲ ಸುಮಾರು −116 ಡಿಬಿಎಂ ಇರುತ್ತದೆ. ಆ ಹೊತ್ತಿಗೆ ‘ಆ’ ಅದಕ್ಕಿಂತ ಮುಕ್ಕಾಲು ಡೆಸಿಬೆಲ್‌ನಷ್ಟು ಮೇಲಿರುತ್ತದೆ. 3 ಡೆಸಿಬೆಲ್ ಅಂತರ ಕೂಡಿಬರಲು 0.22 ಸೆಕೆಂಡ್, ಕಾಯುವ ಅವಧಿ 0.32 ಸೆಕೆಂಡ್, ವರದಿ ಮತ್ತು ಆದೇಶಕ್ಕೆ 0.1 ಸೆಕೆಂಡ್, ಒಟ್ಟು 0.64 ಸೆಕೆಂಡ್ ಬೇಕು. ಅಷ್ಟರಲ್ಲಿ ‘ಅ’ದ ಬಲ ಇನ್ನೂ 6.4 ಡೆಸಿಬೆಲ್ ಕುಸಿದು −122 ಡಿಬಿಎಂಗೆ ಇಳಿದಿರುತ್ತದೆ. ಆದೇಶ ಫೋನಿಗೆ ತಲಪುವುದಿಲ್ಲ. ಅದೇ ರೈಲಿನ ತೆರೆದ ಕಿಟಕಿಯ ಬೋಗಿಯಲ್ಲಿ, ಅದೇ ಸ್ಥಳದಲ್ಲಿ, ಆದೇಶ ಬರುವಾಗ ಬಲ ಸುಮಾರು −107 ಡಿಬಿಎಂ ಇರುತ್ತದೆ. ಹಸ್ತಾಂತರ ಸುಗಮವಾಗಿ ನಡೆಯುತ್ತದೆ. ಒಂದೇ ಕಂಪನಿಯ ಸಂಪರ್ಕ ಹೊಂದಿರುವ ಇಬ್ಬರು ಪ್ರಯಾಣಿಕರಲ್ಲಿ ಒಬ್ಬರ ಕರೆ ಕಡಿದು ಇನ್ನೊಬ್ಬರದು ಉಳಿಯುವುದಕ್ಕೆ ಇದು ಒಂದು ಕಾರಣ.

ಅದೇ ರೈಲು ಗಂಟೆಗೆ 30 ಕಿ.ಮೀ. ವೇಗದಲ್ಲಿ ದಿಣ್ಣೆಯನ್ನು ಪ್ರವೇಶಿಸಿದರೆ ಕುಸಿತ ಸೆಕೆಂಡಿಗೆ 3.3 ಡೆಸಿಬೆಲ್ ಮಾತ್ರ. ಆಗ ಹವಾನಿಯಂತ್ರಿತ ಬೋಗಿಯಲ್ಲಿಯೂ ಆದೇಶ ಬರುವ ಹೊತ್ತಿಗೆ ಬಲ −119.5 ಡಿಬಿಎಂ ಇದ್ದು, ಕರೆ ಕೂದಲೆಳೆಯಲ್ಲಿ ಉಳಿಯಬಹುದು. ಹೀಗೆ ವೇಗವು ತಾನೊಂದೇ ಕರೆಯನ್ನು ಕಡಿಯುವುದಿಲ್ಲ. ಸಂಕೇತ ಥಟ್ಟನೆ ಕುಸಿಯುವ ಸ್ಥಳದಲ್ಲಿ ಅದು ಕುಸಿತವನ್ನು ತೀವ್ರಗೊಳಿಸುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟದ ರೈಲು ಮಾರ್ಗ. ಅಲ್ಲಿ ರೈಲುಗಳು ನಿಧಾನವಾಗಿ ಸಾಗುತ್ತವೆ. ಆದರೆ ದಾರಿಯಲ್ಲಿ 57 ಸುರಂಗಗಳಿವೆ. ಸುರಂಗದೊಳಗೆ ಹೊರಗಿನ ಟವರ್‌ಗಳ ಸಂಕೇತ ಒಟ್ಟಿಗೆ ಕಣ್ಮರೆಯಾಗುವುದರಿಂದ, ಹಸ್ತಾಂತರಿಸಲು ಮುಂದಿನ ಟವರ್ ಎಂಬುದೇ ಇರುವುದಿಲ್ಲ. ವೇಗ ಎಷ್ಟು ಕಡಿಮೆಯಾದರೂ ಅಲ್ಲಿ ಪ್ರಯೋಜನವಿಲ್ಲ.

## ಸಂಪರ್ಕ ಬಿದ್ದ ಮೇಲೆ

ಹಳೆಯ ಟವರ್‌ನ ಸಂಕೇತ ಬಿದ್ದುಹೋದ ಕೂಡಲೇ ಫೋನು ಕರೆಯನ್ನು ಕೈಬಿಡುವುದಿಲ್ಲ. ಸಂಕೇತ ಮರಳಬಹುದೆಂದು ನಿಗದಿತ ಅವಧಿಯವರೆಗೆ, ಅನೇಕ ಜಾಲಗಳಲ್ಲಿ ಸುಮಾರು ಒಂದು ಸೆಕೆಂಡ್, ಕಾಯುತ್ತದೆ. ಮರಳದಿದ್ದರೆ ಸುತ್ತಲಿನ ಸೆಲ್‌ಗಳಲ್ಲಿ ಒಳ್ಳೆಯದೊಂದನ್ನು ತಾನೇ ಹುಡುಕಿ, ‘ನಾನು ಇಂಥ ಸೆಲ್‌ನಿಂದ ಬಂದವನು, ನನ್ನ ಸಂಪರ್ಕವನ್ನು ಮತ್ತೆ ಸ್ಥಾಪಿಸಿ’ ಎಂಬ ಅರ್ಥದ ಕೋರಿಕೆಯನ್ನು ಕಳುಹಿಸುತ್ತದೆ. ಆ ಸೆಲ್‌ನಲ್ಲಿ ಫೋನಿನ ದಾಖಲೆ ಮೊದಲೇ ಇದ್ದರೆ, ಅಥವಾ ಅದನ್ನು ಹಳೆಯ ಟವರ್‌ನಿಂದ ತರಿಸಿಕೊಳ್ಳಲು ಸಾಧ್ಯವಾದರೆ, ಕರೆ ಮುಂದುವರಿಯುತ್ತದೆ. ಸಾಧ್ಯವಾಗದಿದ್ದರೆ ಕರೆ ಕೊನೆಗೊಳ್ಳುತ್ತದೆ.

ಕೆಲವು ಕಂಪನಿಗಳ ಜಾಲದಲ್ಲಿ 4ಜಿ ಸಂಕೇತ ಕ್ಷೀಣಿಸಿದಾಗ ಕರೆಯನ್ನು 2ಜಿಗೆ ಇಳಿಸುವ ಅವಕಾಶವೂ ಇದೆ. ಇದಕ್ಕೂ ಹಳೆಯ ಸೆಲ್‌ನಿಂದ ಸಕಾಲದಲ್ಲಿ ಆದೇಶ ಬರಬೇಕು. 2016ರಲ್ಲಿ ಸೇವೆ ಆರಂಭಿಸಿದ ಜಿಯೊ ಜಾಲದಲ್ಲಿ 2ಜಿ ಇಲ್ಲದ ಕಾರಣ ಅಲ್ಲಿ ಈ ದಾರಿ ಇಲ್ಲ. ಒಂದು ಕಂಪನಿಯ ಟವರ್‌ನಿಂದ ಇನ್ನೊಂದು ಕಂಪನಿಯ ಟವರ್‌ಗೆ ನಡೆಯುತ್ತಿರುವ ಕರೆಯನ್ನು ಸಾಮಾನ್ಯವಾಗಿ ಹಸ್ತಾಂತರಿಸುವುದಿಲ್ಲ. ಆದ್ದರಿಂದ ಪಕ್ಕದವರ ಫೋನಿನಲ್ಲಿ ಸಂಕೇತ ತುಂಬಿದ್ದರೂ ಅದು ಬೇರೆ ಕಂಪನಿಯದಾದರೆ ನೆರವಿಗೆ ಬರುವುದಿಲ್ಲ.

## ಇತರ ತೊಂದರೆಗಳು

ದೂರದ ಟವರ್: ಎತ್ತರದ ಸ್ಥಳದಲ್ಲಿರುವ ಟವರ್‌ನ ಸಂಕೇತ ಬಹುದೂರ ಹರಡುತ್ತದೆ. ತರೀಕೆರೆಯ ಪಶ್ಚಿಮ ಮತ್ತು ದಕ್ಷಿಣಕ್ಕೆ ಬೆಟ್ಟಸಾಲುಗಳಿವೆ. ಇಂಥ ಎತ್ತರದಲ್ಲಿ ಟವರ್ ಇದ್ದರೆ ಅದರ ಸಂಕೇತವು ಹತ್ತಿರದ ಟವರ್‌ಗಳನ್ನು ದಾಟಿ ಹಳಿಯ ಒಂದು ತುಣುಕಿನಲ್ಲಿ ಬಲವಾಗಿ ಬೀಳಬಹುದು. ಫೋನು ಅದನ್ನು ಹಿಡಿದ ಮೇಲೆ ಸಂಕೇತ ಥಟ್ಟನೆ ಮರೆಯಾದರೆ, ಮುಂದಿನ ಟವರ್‌ಗೆ ಹೋಗುವುದು ಕಷ್ಟವಾಗುತ್ತದೆ. ಒಂದು ಟವರ್‌ನಲ್ಲಿ ಅದರ ನೆರೆಯ ಸೆಲ್‌ಗಳ ಪಟ್ಟಿ ಇರುತ್ತದೆ. ದೂರದ ಟವರ್‌ನ ಪಟ್ಟಿಯಲ್ಲಿ ಈ ಹಳಿಯ ಪಕ್ಕದ ಸೆಲ್‌ನ ಹೆಸರೇ ಇಲ್ಲದಿರಬಹುದು. 4ಜಿಯಲ್ಲಿ ಫೋನುಗಳ ವರದಿಯನ್ನು ನೋಡಿ ಈ ಪಟ್ಟಿಯನ್ನು ತಾನಾಗಿ ಬೆಳೆಸಿಕೊಳ್ಳುವ ಏರ್ಪಾಡು ಇದೆ.

ಒಟ್ಟಿಗೆ ಬರುವ ಫೋನುಗಳು: ರೈಲು ಗಡಿ ದಾಟಿದಾಗ ಅದರೊಳಗಿನ ಕರೆಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಮುಂದಿನ ಟವರ್‌ನ ಬಾಗಿಲಿಗೆ ಬರುತ್ತವೆ. ಅಲ್ಲಿ ಸ್ಥಳವಿಲ್ಲದಿದ್ದರೆ ಮೂರನೆಯ ಹಂತದಲ್ಲಿಯೇ ಕೋರಿಕೆ ತಿರಸ್ಕೃತವಾಗುತ್ತದೆ. ಆದರೂ ಅವು ಒಂದೇ ಕ್ಷಣದಲ್ಲಿ ಬರುವುದಿಲ್ಲ. ಸುಮಾರು 23 ಮೀಟರ್ ಉದ್ದದ 20 ಬೋಗಿಗಳ ರೈಲು 460 ಮೀಟರ್ ಉದ್ದವಿರುತ್ತದೆ. 90 ಕಿ.ಮೀ. ವೇಗದಲ್ಲಿ ಮೊದಲ ಬೋಗಿ ಗಡಿ ದಾಟಿದ ಸುಮಾರು 18 ಸೆಕೆಂಡುಗಳ ಮೇಲೆ ಕೊನೆಯ ಬೋಗಿ ದಾಟುತ್ತದೆ.

## ಗುರುತಿಸುವ ಬಗೆ

ಪ್ರಯಾಣಿಕನು ಕೇಳುವ ಲಕ್ಷಣಗಳಿಂದಲೇ ಏನಾಯಿತೆಂದು ಸ್ವಲ್ಪಮಟ್ಟಿಗೆ ಊಹಿಸಬಹುದು. ಒಂದೆರಡು ಸೆಕೆಂಡ್ ಮೌನವಾಗಿ ಮತ್ತೆ ಮಾತು ಮರಳಿದರೆ, ಸಂಪರ್ಕ ಬಿದ್ದು ಮರುಸ್ಥಾಪನೆಯಾಗಿರುವ ಸಾಧ್ಯತೆ ಹೆಚ್ಚು. ಆ ಕಡೆಯವರ ಮಾತು ಕೇಳಿಸುತ್ತಿದ್ದು ನಮ್ಮ ಮಾತು ಅವರಿಗೆ ಕೇಳದಿದ್ದರೆ, ಫೋನಿನ ಸಂಕೇತ ಟವರ್‌ಗೆ ಮುಟ್ಟುತ್ತಿಲ್ಲದಿರಬಹುದು. ಫೋನಿನ ಪ್ರಸಾರ ಶಕ್ತಿ ಟವರ್‌ನದಕ್ಕಿಂತ ಬಹಳ ಕಡಿಮೆ. ಇಂಥ ಸ್ಥಿತಿಯಲ್ಲಿ ಫೋನಿನ ವರದಿಯೂ ಟವರ್‌ಗೆ ಹೋಗುವುದಿಲ್ಲ.

ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಪರದೆಯಲ್ಲಿ ಕೆಳಗಿನ ಸಂಕೇತವನ್ನು ಒತ್ತಿದರೆ ಫೋನಿನ ಮಾಹಿತಿ ಪುಟ ತೆರೆದುಕೊಳ್ಳುತ್ತದೆ:

```
*#*#4636#*#*
```

ಅದರಲ್ಲಿ `RSRP` ಎಂಬುದು ಗುರುತಿನ ಸಂಕೇತದ ಬಲ. `PCI` ಎಂಬುದು ಸೆಲ್‌ನ ಗುರುತು ಸಂಖ್ಯೆ. ಕರೆ ನಡೆಯುತ್ತಿರುವಾಗ `PCI` ಬದಲಾದರೆ ಫೋನು ಬೇರೊಂದು ಸೆಲ್‌ಗೆ ಹೋಗಿದೆ ಎಂದರ್ಥ. ರೈಲಿನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವವರೆಗೆ ಇದನ್ನು ಗಮನಿಸುತ್ತ ಹೋದರೆ, ಬದಲಾವಣೆಗಳು ಎಲ್ಲೆಲ್ಲಿ ಆಗುತ್ತವೆ, ಆಗ ಬಲ ಎಷ್ಟಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಪಟ್ಟಿ ಮಾಡಬಹುದು. ಬಲ −90ರಿಂದ −105ರವರೆಗೆ ಇರುವಾಗ ಸಂಖ್ಯೆ ಬದಲಾದರೆ ಅದು ಸಾವಕಾಶದ ಹಸ್ತಾಂತರ. −115ಕ್ಕಿಂತ ಕೆಳಗಿಳಿದ ಮೇಲೆ ಬದಲಾದರೆ ಅದು ಅಪಾಯದ ಅಂಚಿನಲ್ಲಿ ನಡೆದದ್ದು. ಎಲ್ಲ ಫೋನುಗಳಲ್ಲಿಯೂ ಈ ಪುಟ ತೆರೆಯುವುದಿಲ್ಲ.

ಕರೆ ಮಾಡದೆ ಸುಮ್ಮನಿರುವ ಫೋನಿನಲ್ಲಿಯೂ ಈ ಸಂಖ್ಯೆ ಬದಲಾಗುತ್ತದೆ. ಆದರೆ ಅದು ಹಸ್ತಾಂತರವಲ್ಲ. ಆಗ ಫೋನು ಯಾರ ಆದೇಶಕ್ಕೂ ಕಾಯದೆ ತಾನೇ ಹೊಸ ಸೆಲ್‌ನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಕರೆ ಕಡಿದ ಮರುಕ್ಷಣವೇ ಪರದೆಯ ಮೇಲೆ ಸಂಕೇತ ತುಂಬಿ ಕಾಣಿಸುವುದುಂಟು. ಮುಂದಿನ ಟವರ್‌ನ ಸಂಕೇತ ಅಲ್ಲಿಯೇ ಇತ್ತು, ಆದೇಶ ಮಾತ್ರ ಬರಲಿಲ್ಲ ಎಂಬುದನ್ನು ಇದು ಸೂಚಿಸುತ್ತದೆ.

## ಪರಿಹಾರಗಳು

ಮೊದಲ ಪರಿಹಾರವೆಂದರೆ ಎರಡು ಸೆಲ್‌ಗಳು ಒಂದರ ಮೇಲೊಂದು ಹರಡುವ ಭಾಗವನ್ನು ಸಾಕಷ್ಟು ಉದ್ದವಾಗಿಡುವುದು. ದಿಣ್ಣೆಯ ಹಾದಿಯೊಳಗೆ ‘ಅ’ ಮರೆಯಾಗುವ ಮೊದಲೇ ‘ಆ’ದ ಸಂಕೇತ 3 ಡೆಸಿಬೆಲ್ ಮೇಲಿರುವಂತೆ ಆಂಟೆನಾದ ದಿಕ್ಕು ಮತ್ತು ಬಾಗುವಿಕೆಯನ್ನು ಸರಿಪಡಿಸಿದರೆ ಮೇಲಿನ ಉದಾಹರಣೆಯ ಕರೆ ಕಡಿಯುವುದಿಲ್ಲ. ಅದಾಗದಿದ್ದರೆ ಆ ಎರಡು ಸೆಲ್‌ಗಳ ನಡುವೆ ಮಾತ್ರ ಅಂತರವನ್ನೂ ಕಾಯುವ ಅವಧಿಯನ್ನೂ ಕಡಿಮೆ ಮಾಡಬಹುದು. ಕಾಯುವ ಅವಧಿಯನ್ನು 320ರಿಂದ 80 ಮಿಲಿಸೆಕೆಂಡ್‌ಗೆ ಇಳಿಸಿದರೆ, ಆ ಕುಸಿತದಲ್ಲಿ 2.4 ಡೆಸಿಬೆಲ್ ಉಳಿಯುತ್ತದೆ. −122ರ ಬದಲು −120ರ ಹತ್ತಿರ ಆದೇಶ ಬರುತ್ತದೆ. ಕರೆ ಉಳಿಯುವ ಅವಕಾಶ ಹೆಚ್ಚುತ್ತದೆ. ಅದೇ ಬದಲಾವಣೆಯಿಂದ, ಆ ಗಡಿಯಲ್ಲಿ ನಿಂತಿರುವವರ ಫೋನುಗಳಲ್ಲಿ ಪಿಂಗ್‌ಪಾಂಗ್ ಹೆಚ್ಚಬಹುದು.

ಎರಡನೆಯದು, ಹಳಿಯುದ್ದಕ್ಕೂ ಇರುವ ಹಲವು ಆಂಟೆನಾಗಳನ್ನು ಒಂದೇ ಸೆಲ್ ಆಗಿ ಜೋಡಿಸುವುದು. ಆಗ ರೈಲು ಒಂದು ಆಂಟೆನಾದಿಂದ ಇನ್ನೊಂದರ ವ್ಯಾಪ್ತಿಗೆ ಹೋದರೂ ಹಸ್ತಾಂತರದ ಅಗತ್ಯವಿರುವುದಿಲ್ಲ. ಇದು ಅತಿ ವೇಗದ ರೈಲು ಮಾರ್ಗಗಳಲ್ಲಿ ಬಳಕೆಯಲ್ಲಿದೆ. ಆದರೆ ಅಷ್ಟುದ್ದದ ಜನರೆಲ್ಲ ಒಂದೇ ಸೆಲ್‌ನ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕಾಗುತ್ತದೆ.

ಮೂರನೆಯದು ತೊಂದರೆಯ ಮೂಲಕ್ಕೇ ಕೈಹಾಕುವ ವಿಧಾನ. ಮೊಬೈಲ್ ಜಾಲಗಳ ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆಯು 2020ರಲ್ಲಿ ಪೂರ್ಣಗೊಳಿಸಿದ ಹದಿನಾರನೆಯ ಆವೃತ್ತಿಯಲ್ಲಿ ‘ಷರತ್ತುಬದ್ಧ ಹಸ್ತಾಂತರ’ವನ್ನು ಸೇರಿಸಿತು. ಇದರಲ್ಲಿ ಹಳೆಯ ಟವರ್ ತನ್ನ ಸಂಪರ್ಕ ಇನ್ನೂ ಚೆನ್ನಾಗಿರುವಾಗಲೇ ಮುಂದಿನ ಟವರ್‌ಗಳಲ್ಲಿ ಸ್ಥಳ ಕಾದಿರಿಸಿ, ‘ಇಂಥ ಷರತ್ತು ಕೂಡಿಬಂದಾಗ ಹೊರಡು’ ಎಂಬ ಆದೇಶವನ್ನು ಫೋನಿಗೆ ಮುಂಚಿತವಾಗಿ ಕೊಟ್ಟಿರುತ್ತದೆ. ದಿಣ್ಣೆಯೊಳಗೆ ‘ಅ’ ಬಿದ್ದುಹೋದರೂ ಫೋನು ಕೈಯಲ್ಲಿರುವ ಆದೇಶದಂತೆ ‘ಆ’ಕ್ಕೆ ಜಿಗಿಯುತ್ತದೆ. ಇದಕ್ಕಾಗಿ ಒಂದೇ ಫೋನಿಗೆ ಹಲವು ಟವರ್‌ಗಳಲ್ಲಿ ಸ್ಥಳ ಕಾದಿರಿಸಬೇಕಾಗುವುದು ಇದರ ಮಿತಿ. ಜಾಲ ಮತ್ತು ಫೋನು ಎರಡರಲ್ಲಿಯೂ ಈ ಸೌಲಭ್ಯವಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಮುಂದಿನ ಟವರ್‌ನ ಸಂಕೇತವೇ ತಲಪದ ಸ್ಥಳದಲ್ಲಿ ಇದರಿಂದಲೂ ಕರೆಯನ್ನು ಉಳಿಸಲಾಗದು. ಅಲ್ಲಿ ಹೊಸ ಆಂಟೆನಾ ನಿಲ್ಲಿಸುವುದೇ ದಾರಿ.